ಸೋಮವಾರ ಕೊಂಡ ಷೇರು, ಮಂಗಳವಾರದ ಸಂಜೆ

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಣ್ಣ ಕಂಪನಿಯೊಂದರ 40 ಷೇರುಗಳನ್ನು ತಲಾ 310 ರೂಪಾಯಿಗೆ ಕೊಂಡೆ. ಮಾರನೆಯ ದಿನ ಮಧ್ಯಾಹ್ನ ಬೆಲೆ 318 ಆಗಿತ್ತು. ಮೊಬೈಲ್ ಪರದೆಯಲ್ಲಿ ಆ ಷೇರಿನ ಹೆಸರಿನ ಪಕ್ಕ T1 ಎಂಬ ಪುಟ್ಟ ಗುರುತು ಇತ್ತು. ಅದೇನೆಂದು ಕೇಳುವ ಗೋಜಿಗೆ ಹೋಗದೆ ಅಷ್ಟನ್ನೂ ಮಾರಿಬಿಟ್ಟೆ. ಷೇರಿಗೆ 8 ರೂಪಾಯಿಯಂತೆ 320 ರೂಪಾಯಿ ಲಾಭ ಬಂತು ಎಂದುಕೊಂಡು ಸುಮ್ಮನಾದೆ.

ಗುರುವಾರ ಖಾತೆ ತೆರೆದು ನೋಡಿದರೆ 13,360 ರೂಪಾಯಿ ಕಳೆದಿತ್ತು. ಪಕ್ಕದಲ್ಲಿ 'ಆಕ್ಷನ್' ಎಂದು ಬರೆದಿತ್ತು. ಮಾರಿದ್ದೇನೆ ಎಂದುಕೊಂಡಿದ್ದ 40 ಷೇರುಗಳು ಮಾತ್ರ ನನ್ನ ಡಿಮ್ಯಾಟ್ ಖಾತೆಯಲ್ಲೇ ಕೂತಿದ್ದವು. ಬ್ರೋಕರ್ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಬಹಳ ತಾಳ್ಮೆಯಿಂದ ಹೇಳಿದ: "ಸರ್, ನೀವು ಮಾರುವಾಗ ಆ ಷೇರು ನಿಮಗೆ ಬಂದೇ ಇರಲಿಲ್ಲ. ನಿಮಗೆ ಕೊಡಬೇಕಾಗಿದ್ದವರು ಕೊಡಲಿಲ್ಲ, ಅದಕ್ಕೇ ನೀವು ಕೊಡಬೇಕಾದವರಿಗೆ ನಿಮ್ಮಿಂದ ಕೊಡೋಕೆ ಆಗಲಿಲ್ಲ."

ಷೇರು ಪೇಟೆಯ ಒಂದು ಇಡೀ ವ್ಯವಸ್ಥೆ ಆ ಎರಡು ವಾಕ್ಯಗಳಲ್ಲಿತ್ತು. ಕೊಂಡೆ ಎಂದ ಕ್ಷಣಕ್ಕೂ ಕೈಗೆ ಬಂತು ಎನ್ನುವ ಕ್ಷಣಕ್ಕೂ ನಡುವೆ ಒಂದು ದಿನದ ಅಂತರ ಇದೆ. ಚಹಾ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಡಿಯವರ ಫೋನ್ ಮಾತಾಡುತ್ತದೆ. ಹಾಗಿರುವಾಗ ಷೇರಿಗೆ ಮಾತ್ರ ಏಕೆ ಒಂದು ದಿನ ಕಾಯಬೇಕು? ಕಂಪ್ಯೂಟರ್ ನಿಧಾನ ಎಂದೋ ಕಚೇರಿಯವರ ಸೋಮಾರಿತನ ಎಂದೋ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಕಾರಣ ಅದಲ್ಲ.

ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ನಾವು ಒತ್ತುವ ಗುಂಡಿಯಿಂದ ಷೇರು ಕೈ ಬದಲಾಯಿಸುವುದಿಲ್ಲ, ಕರಾರು ಮಾತ್ರ ಆಗುತ್ತದೆ. ಇಷ್ಟು ಷೇರು, ಇಂಥ ಬೆಲೆ ಎಂದು ಎರಡು ಕಡೆಯ ಆದೇಶಗಳು ಎಕ್ಸ್‌ಚೇಂಜಿನ ಕಂಪ್ಯೂಟರಿನಲ್ಲಿ ಹೊಂದಿಕೊಂಡಾಗ ಬೆಲೆ ನಿಗದಿಯಾಗುತ್ತದೆ. ಆಮೇಲೆ ಪೇಟೆ ಏರಿದರೂ ಇಳಿದರೂ ಆ ಬೆಲೆ ಕದಲುವುದಿಲ್ಲ. ಆದರೆ ಹಣ ಕೊಡುವುದು, ಷೇರು ಒಪ್ಪಿಸುವುದು ಬೇರೆಯೇ ಕೆಲಸ. ಪೇಟೆಯವರು ಅದನ್ನು ಸೆಟಲ್‌ಮೆಂಟ್ ಎನ್ನುತ್ತಾರೆ. ವ್ಯವಹಾರದ ದಿನಕ್ಕೆ T ಎಂಬ ಗುರುತು. ಅದರ ಮರುದಿನ ಕೊಡು-ಕೊಳ್ಳು ಮುಗಿಯುವುದರಿಂದ ನಮ್ಮ ದೇಶದ ಪದ್ಧತಿಗೆ T+1 ಎಂದು ಹೆಸರು. ಶನಿವಾರ, ಭಾನುವಾರ ಮತ್ತು ರಜಾದಿನಗಳು ಈ ಲೆಕ್ಕಕ್ಕಿಲ್ಲ.

ಇದರಿಂದ ಸಾಮಾನ್ಯ ಹೂಡಿಕೆದಾರನಿಗೆ ತಟ್ಟುವ ಪರಿಣಾಮ ಒಂದಿದೆ. ಕಂಪನಿ ಡಿವಿಡೆಂಡ್ ಘೋಷಿಸಿ, ಇಂಥ ದಿನ ಯಾರ ಹೆಸರಲ್ಲಿ ಷೇರು ಇರುತ್ತದೋ ಅವರಿಗೆ ಹಣ ಎಂದು ದಾಖಲೆ ದಿನವನ್ನು ಗೊತ್ತುಮಾಡುತ್ತದೆ. ಆ ದಿನವೇ ಷೇರು ಕೊಂಡರೆ ಡಿವಿಡೆಂಡ್ ಸಿಗುವುದಿಲ್ಲ, ಏಕೆಂದರೆ ಅಂದು ನಿಮ್ಮ ಹತ್ತಿರ ಇರುವುದು ಕರಾರು, ಷೇರಲ್ಲ. ಕನಿಷ್ಠ ಒಂದು ವಹಿವಾಟಿನ ದಿನ ಮುಂಚೆ ಕೊಂಡಿರಬೇಕು.

ಈ ಒಂದು ದಿನದ ಅಂತರದಲ್ಲಿ ಒಂದು ಅಪಾಯ ಅಡಗಿದೆ. ಅಡಿಕೆ ಬೆಳೆಗಾರರಿಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ. ಮಾಲು ತೂಗಿ ಕೊಟ್ಟ ಮೇಲೆ ಹಣ ಬರುವವರೆಗೆ ವ್ಯಾಪಾರಿ ನೆಟ್ಟಗಿರಬೇಕು. ನಡುವೆ ಅವನು ಅಂಗಡಿ ಮುಚ್ಚಿದರೆ? ಎದುರು ಪಕ್ಷದವನು ಮಾತು ಉಳಿಸಿಕೊಳ್ಳದಿರುವ ಈ ಸಾಧ್ಯತೆಗೆ ಹಣಕಾಸಿನವರು ಕೌಂಟರ್‌ಪಾರ್ಟಿ ರಿಸ್ಕ್ ಎನ್ನುತ್ತಾರೆ. ಮಂಡಿಯಲ್ಲಾದರೆ ದಲಾಲರ ಮುಖ ಗೊತ್ತು, ಮನೆ ಗೊತ್ತು, ಅವರಪ್ಪನ ವ್ಯವಹಾರವೂ ಗೊತ್ತು. ಷೇರು ಪೇಟೆಯಲ್ಲಿ ನನಗೆ ಆ 40 ಷೇರು ಮಾರಿದವರು ಸೂರತ್ತಿನವರೋ ಸಿಂಗಪುರದವರೋ ನನಗೆ ಗೊತ್ತಿಲ್ಲ, ಎಂದಿಗೂ ಗೊತ್ತಾಗುವುದಿಲ್ಲ.

ಈ ಅಪಾಯಕ್ಕೆ ಎರಡು ಮುಖಗಳಿವೆ. ದೊಡ್ಡದು, ನಾವು ಹಣ ಕೊಟ್ಟಾಗಿದೆ, ಅತ್ತಲಿಂದ ಬರಬೇಕಾದ್ದು ಬರಲೇ ಇಲ್ಲ ಎನ್ನುವುದು. ಆಗ ಇಡೀ ಅಸಲೇ ಹೋಗುತ್ತದೆ. 1974ರ ಜೂನ್ 26ರಂದು ಜರ್ಮನಿಯ ಕಲೋನ್ ನಗರದ ಹೆರ್ಷ್ಟಾಟ್ ಬ್ಯಾಂಕಿನ ವಿಷಯದಲ್ಲಿ ಆದದ್ದು ಅದೇ. ಆ ದಿನ ಬೇರೆ ಬ್ಯಾಂಕುಗಳು ಹೆರ್ಷ್ಟಾಟ್‌ಗೆ ಜರ್ಮನ್ ಮಾರ್ಕ್ ಕೊಟ್ಟಿದ್ದವು. ಬದಲಿಗೆ ಡಾಲರ್ ನ್ಯೂಯಾರ್ಕಿನಲ್ಲಿ ಸಿಗಬೇಕಿತ್ತು. ಜರ್ಮನಿಯಲ್ಲಿ ದಿನದ ವ್ಯವಹಾರ ಮುಗಿದ ಮೇಲೆ ಸರ್ಕಾರ ಬ್ಯಾಂಕಿನ ಬಾಗಿಲು ಮುಚ್ಚಿಸಿತು. ನ್ಯೂಯಾರ್ಕಿನಲ್ಲಿ ಆಗ ಇನ್ನೂ ಬೆಳಿಗ್ಗೆ. ಮಾರ್ಕ್ ಹೋಗಿತ್ತು, ಡಾಲರ್ ಬರಲಿಲ್ಲ. ಇಂದಿಗೂ ಈ ಬಗೆಯ ನಷ್ಟದ ಭಯಕ್ಕೆ ಆ ಬ್ಯಾಂಕಿನ ಹೆಸರೇ ಅಂಟಿಕೊಂಡಿದೆ.

ಇನ್ನೊಂದು ಮುಖ ಚಿಕ್ಕದು, ಆದರೆ ದಿನನಿತ್ಯದ್ದು. ಎದುರಿನವನು ಕೈಕೊಟ್ಟ, ನಮ್ಮ ಹಣ ನಮ್ಮಲ್ಲೇ ಉಳಿಯಿತು, ಸರಿ. ಆದರೆ ಅದೇ ಷೇರನ್ನು ಈಗ ಪೇಟೆಯಲ್ಲಿ ಬೇರೆಯವರಿಂದ ಕೊಳ್ಳಬೇಕು, ಅಷ್ಟರಲ್ಲಿ ಬೆಲೆ ಏರಿದೆ. ಆ ವ್ಯತ್ಯಾಸ ನಮ್ಮ ತಲೆಗೆ. ಹಣ ಮತ್ತು ಷೇರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಪಡೆಯುವಂತೆ ಜೊತೆಯಾಗಿಯೇ ಬದಲಾಗುವ ಹಾಗೆ ಏರ್ಪಾಡು ಮಾಡಿದರೆ ಮೊದಲನೆಯ ಅಪಾಯ ಬಹುಮಟ್ಟಿಗೆ ಹೋಗುತ್ತದೆ. ಎರಡನೆಯದು ಹೋಗುವುದಿಲ್ಲ. ಅದನ್ನು ಯಾರಾದರೂ ಹೊರಬೇಕು.

ಹೊರುವವರು ಕ್ಲಿಯರಿಂಗ್ ಕಾರ್ಪೊರೇಷನ್. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನ ಈ ಸಂಸ್ಥೆ 1995ರಲ್ಲಿ ಹುಟ್ಟಿ 1996ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು. ಈಗ ಅದರ ಹೆಸರು ಎನ್‌ಎಸ್‌ಇ ಕ್ಲಿಯರಿಂಗ್. ಮುಂಬೈ ಷೇರುಪೇಟೆಗೆ ಇಂಡಿಯನ್ ಕ್ಲಿಯರಿಂಗ್ ಕಾರ್ಪೊರೇಷನ್ ಇದೆ. ಇವು ಮಾಡುವ ಮೊದಲ ಕೆಲಸ ಎರಡು ಪಕ್ಷಗಳ ನಡುವೆ ಹೋಗಿ ನಿಲ್ಲುವುದು. ನನ್ನ ಮತ್ತು ಆ ಅಪರಿಚಿತರ ನಡುವೆ ಆದ ಒಂದು ಕರಾರಿನ ಜಾಗದಲ್ಲಿ ಎರಡು ಕರಾರು ಬರುತ್ತವೆ. ಅವರು ಮಾರಿದ್ದು ಕಾರ್ಪೊರೇಷನ್ನಿಗೆ, ನಾನು ಕೊಂಡದ್ದು ಕಾರ್ಪೊರೇಷನ್ನಿನಿಂದ. ಇದಕ್ಕೆ ನೊವೇಷನ್ ಎನ್ನುತ್ತಾರೆ. ಇನ್ನು ಮೇಲೆ ಆ ಅಪರಿಚಿತರು ಎಂಥವರು ಎನ್ನುವ ಚಿಂತೆ ನನ್ನದಲ್ಲ. ಕಾರ್ಪೊರೇಷನ್ ನೇರವಾಗಿ ನನ್ನೊಡನೆ ವ್ಯವಹರಿಸುವುದಿಲ್ಲ, ನನ್ನ ಬ್ರೋಕರ್ ಅಥವಾ ಅವರ ಪರವಾಗಿ ಲೆಕ್ಕ ತೀರಿಸುವ ಕ್ಲಿಯರಿಂಗ್ ಸದಸ್ಯರೊಡನೆ ವ್ಯವಹರಿಸುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಎರಡನೆಯ ಕೆಲಸ ಲೆಕ್ಕ ವಜಾ ಮಾಡುವುದು. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಜಾಣತನವೆಲ್ಲ ಇರುವುದು ಇಲ್ಲೇ, ಒಂದು ದಿನ ಕಾಯುವುದಕ್ಕೆ ಮುಖ್ಯ ಕಾರಣವೂ ಇದೇ. ಕಾಗದ ಪೆನ್ನು ಹಿಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಒಂದೇ ಕಂಪನಿಯ ಷೇರು, ಮೂವರು ಬ್ರೋಕರುಗಳು ಎಂದಿಟ್ಟುಕೊಳ್ಳಿ. ಬೆಂಗಳೂರಿನವರು ಮುಂಬೈಯವರಿಂದ 100 ಷೇರನ್ನು 500 ರೂಪಾಯಿಯಂತೆ ಕೊಂಡರು, ಅಂದರೆ 50,000. ಸ್ವಲ್ಪ ಹೊತ್ತಿನ ನಂತರ ಮುಂಬೈಯವರು ಕೋಲ್ಕತ್ತದವರಿಂದ 100 ಷೇರನ್ನು 502ರಂತೆ ಕೊಂಡರು, 50,200. ಮಧ್ಯಾಹ್ನದ ಮೇಲೆ ಕೋಲ್ಕತ್ತದವರು ಬೆಂಗಳೂರಿನವರಿಂದ 90 ಷೇರನ್ನು 505ರಂತೆ ಕೊಂಡರು, 45,450. ಒಂದೊಂದು ವ್ಯವಹಾರವನ್ನೂ ಆಗಿಂದಾಗಲೇ ತೀರಿಸುತ್ತ ಹೋದರೆ ಒಟ್ಟು 290 ಷೇರು ಮತ್ತು 1,45,650 ರೂಪಾಯಿ ಊರಿಂದೂರಿಗೆ ಓಡಾಡಬೇಕು.

ಈಗ ಸಂಜೆ ಕೂತು ಲೆಕ್ಕ ನೋಡೋಣ. ಬೆಂಗಳೂರಿನವರು 100 ಕೊಂಡು 90 ಮಾರಿದ್ದಾರೆ, ಅವರಿಗೆ ಬರಬೇಕಾದ್ದು 10 ಷೇರು. ಕೊಡಬೇಕಾದ್ದು 50,000, ಬರಬೇಕಾದ್ದು 45,450, ಆದ್ದರಿಂದ ಅವರು 4,550 ಕೊಟ್ಟರೆ ಸಾಕು. ಮುಂಬೈಯವರು ಎಷ್ಟು ಕೊಂಡರೋ ಅಷ್ಟೇ ಮಾರಿದ್ದಾರೆ, ಷೇರಿನ ಲೆಕ್ಕ ಸೊನ್ನೆ, ಬೆಲೆಯ ವ್ಯತ್ಯಾಸ 200 ರೂಪಾಯಿ ಕೊಟ್ಟು ಎದ್ದು ಹೋಗಬಹುದು. ಕೋಲ್ಕತ್ತದವರು 10 ಷೇರು ಕೊಟ್ಟು 4,750 ರೂಪಾಯಿ ತೆಗೆದುಕೊಳ್ಳುತ್ತಾರೆ. 290 ಷೇರಿನ ಓಡಾಟ 10ಕ್ಕೆ ಇಳಿಯಿತು. ಒಂದೂವರೆ ಲಕ್ಷದಷ್ಟು ಹಣದ ಓಡಾಟ ಐದು ಸಾವಿರದೊಳಗೆ ಮುಗಿಯಿತು. ಯಾರಿಗೂ ಒಂದು ಪೈಸೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಆದರೆ ಈ ಲೆಕ್ಕ ಆಗಬೇಕಾದರೆ ದಿನದ ವಹಿವಾಟು ಮುಗಿದಿರಬೇಕು. ಬೆಳಿಗ್ಗೆ ಹತ್ತಕ್ಕೆ ಕೂತು ವಜಾ ಹಾಕಿದರೆ ಮಧ್ಯಾಹ್ನದ ವ್ಯವಹಾರ ಅದರಲ್ಲಿ ಸೇರುವುದಿಲ್ಲ. ಕಾಯುವುದರಿಂದಲೇ ಸಾಲಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಕೋಟ್ಯಂತರ ವ್ಯವಹಾರಗಳ ಪೇಟೆಯಲ್ಲಿ ಪ್ರತಿಯೊಂದನ್ನೂ ಆ ಕ್ಷಣವೇ ತೀರಿಸಬೇಕೆಂದರೆ ಪ್ರತಿಯೊಬ್ಬರೂ ಪೂರ್ತಿ ಹಣವನ್ನೂ ಪೂರ್ತಿ ಷೇರನ್ನೂ ಮೊದಲೇ ಕೈಯಲ್ಲಿ ಹಿಡಿದು ಬರಬೇಕಾಗುತ್ತದೆ. ಬೆಳಿಗ್ಗೆ ಕೊಂಡು ಸಂಜೆ ಮಾರುವವರ ವ್ಯವಹಾರ ಹಾಗೆ ನಡೆಯಲಾರದು. ವಿದೇಶದಿಂದ ಹೂಡುವವರು ಡಾಲರನ್ನು ರೂಪಾಯಿ ಮಾಡಿಕೊಂಡು, ಅವರ ಷೇರುಗಳನ್ನು ಕಾಯುವ ಬ್ಯಾಂಕು ವ್ಯವಹಾರ ನಮ್ಮದೇ ಎಂದು ಒಪ್ಪಿಕೊಳ್ಳಬೇಕು. ಅದಕ್ಕೂ ಸ್ವಲ್ಪ ವೇಳೆ ಬೇಕು.

ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚಿದ ಮೇಲೆ ಈ ಲೆಕ್ಕ ನಡೆಯುತ್ತದೆ. ಯಾರು ಎಷ್ಟು ಕೊಡಬೇಕು ಎಂಬ ಪಟ್ಟಿ ಪ್ರತಿಯೊಬ್ಬ ಸದಸ್ಯರಿಗೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಎಲ್ಲರೂ ತಮ್ಮ ಪಾಲಿನ ಹಣವನ್ನೂ ಷೇರನ್ನೂ ಕಾರ್ಪೊರೇಷನ್ನಿಗೆ ಒಪ್ಪಿಸಬೇಕು. ಇದು ಪೇ-ಇನ್. ಎಲ್ಲ ಸೇರಿದ ಮೇಲೆ ಅಲ್ಲಿಂದ ಪಡೆಯುವವರಿಗೆ ಹೋಗುತ್ತದೆ. ಅದು ಪೇ-ಔಟ್. ಷೇರು ಮಾರುವಾಗ ಮೊಬೈಲಿಗೆ ಬರುವ ಒಟಿಪಿ ನೆನಪಿದೆಯಲ್ಲ? ಆ ಸಂಖ್ಯೆ ಒತ್ತಿದಾಗ ನಿಮ್ಮ ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಈ ಪೇ-ಇನ್‌ಗಾಗಿ ಬೀಗ ಬಿದ್ದು ಕೂರುತ್ತದೆ, ಬೇರೆಯವರಿಗೆ ಕೊಡಲು ಬರುವುದಿಲ್ಲ.

ಮಂಗಳವಾರ ಬೆಳಿಗ್ಗೆ ಪೇ-ಇನ್ ವೇಳೆಗೆ ನನ್ನ ಎದುರು ಪಕ್ಷದವರ ಹತ್ತಿರ ಷೇರು ಇರಲಿಲ್ಲ. ಇದು ಹೇಗಾಗುತ್ತದೆ? ಹೆಚ್ಚಿನ ಸಲ ಮೋಸದಿಂದಲ್ಲ. ಬೆಲೆ ಇಳಿಯುತ್ತದೆ ಎಂದು ನಂಬಿದವರು ಕೈಯಲ್ಲಿ ಇಲ್ಲದ ಷೇರನ್ನು ಬೆಳಿಗ್ಗೆ ಮಾರುತ್ತಾರೆ, ಸಂಜೆಯೊಳಗೆ ಕಡಿಮೆ ಬೆಲೆಗೆ ಕೊಂಡು ಲೆಕ್ಕ ಸರಿ ಮಾಡುವ ಉದ್ದೇಶ. ಆದರೆ ಬೆಲೆ ಏರಿ ಆ ದಿನದ ಮೇಲಿನ ಮಿತಿಯನ್ನು ಮುಟ್ಟಿದರೆ ಮಾರುವವರೇ ಇರುವುದಿಲ್ಲ. ಕೊಳ್ಳಬೇಕೆಂದರೂ ಸಿಗದೆ ಸಿಕ್ಕಿಬೀಳುತ್ತಾರೆ. ಸಣ್ಣ ಕಂಪನಿಗಳ ಷೇರುಗಳಲ್ಲಿ ಇದು ಹೆಚ್ಚು.

ಆಗ ಕಾರ್ಪೊರೇಷನ್ ಏನು ಮಾಡುತ್ತದೆ? ಅವರಿಗೆ ಹಣ ಕೊಡುವುದಿಲ್ಲ. ನನಗೆ ಬರಬೇಕಾದ ಷೇರಿಗಾಗಿ ಮಂಗಳವಾರ ಮಧ್ಯಾಹ್ನವೇ ಒಂದು ಪ್ರತ್ಯೇಕ ಹರಾಜು ನಡೆಸುತ್ತದೆ. ಷೇರು ಇರುವವರು ತಮ್ಮ ಬೆಲೆ ಹೇಳಿ ಮುಂದೆ ಬರುತ್ತಾರೆ. ಎಷ್ಟಕ್ಕೆ ಸಿಕ್ಕಿದರೂ ಆ ಖರ್ಚು ಕೊಡದವರ ತಲೆಗೆ. ಹೀಗೆ ಕೊಂಡ ಷೇರು ಬುಧವಾರ ಮಧ್ಯಾಹ್ನದ ಮೇಲೆ ನನ್ನ ಖಾತೆಗೆ ಬಂತು. ಅಲ್ಲಿಗೆ ನನ್ನ ಖರೀದಿ ಸುರಕ್ಷಿತವಾಗಿ ಮುಗಿಯಿತು.

ಆದರೆ ನಾನು ಮಂಗಳವಾರವೇ ಅದನ್ನು ಮಾರಿದ್ದೆನಲ್ಲ! ಆ ಮಾರಾಟದ ಪೇ-ಇನ್ ಬುಧವಾರ ಬೆಳಿಗ್ಗೆ. ಷೇರು ಬಂದದ್ದು ಅದೇ ದಿನ, ಆದರೆ ಕೆಲವು ಗಂಟೆ ತಡವಾಗಿ. ಹಾಗಾಗಿ ಈ ಸಲ ಕೊಡದವನು ನಾನೇ ಆದೆ. ನನ್ನ ಹೆಸರಿನಲ್ಲಿ ಬುಧವಾರ ಇನ್ನೊಂದು ಹರಾಜು ನಡೆದು, ಷೇರಿಗೆ 334ರಂತೆ 13,360 ರೂಪಾಯಿ ಬಿತ್ತು. ನನಗೆ ಮಾರಾಟದಿಂದ ಬಂದಿದ್ದು 12,720. ವ್ಯತ್ಯಾಸ 640 ರೂಪಾಯಿ ಕೈಬಿಟ್ಟು, 310ಕ್ಕೆ ಕೊಂಡ ಷೇರು ಕೊನೆಗೆ ನನಗೆ 326ಕ್ಕೆ ಬಿದ್ದು ಖಾತೆಯಲ್ಲಿ ಉಳಿಯಿತು. ಇದಕ್ಕೆ ಬ್ರೋಕರಿನ ಶುಲ್ಕ ಬೇರೆ. T1 ಎಂಬ ಆ ಗುರುತು ಇದನ್ನೇ ಹೇಳುತ್ತಿತ್ತು: ಈ ಷೇರು ಇನ್ನೂ ದಾರಿಯಲ್ಲಿದೆ.

ಹರಾಜಿನಲ್ಲೂ ಷೇರು ಸಿಗದಿದ್ದರೆ ಕ್ಲೋಸ್-ಔಟ್ ಎಂಬ ಕ್ರಮವಿದೆ. ಷೇರಿನ ಬದಲು ಕೊಂಡವರಿಗೆ ಹಣ ಕೊಡಿಸುತ್ತಾರೆ. ವ್ಯವಹಾರದ ದಿನದಿಂದ ಹರಾಜಿನ ದಿನದವರೆಗಿನ ಅತಿ ಹೆಚ್ಚಿನ ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯದ ಬೆಲೆಯ ಮೇಲೆ ನೂರಕ್ಕೆ 20 ಸೇರಿಸಿ ಬರುವ ಮೊತ್ತ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಕೊಡದೆ ಇರುವುದು ಯಾರಿಗೂ ಲಾಭದ ದಾರಿಯಾಗಬಾರದು ಎಂದೇ ಈ ದರವನ್ನು ಇಷ್ಟು ಕಟುವಾಗಿ ಇಟ್ಟಿದ್ದಾರೆ. ಅದು ಸರಿಯಾದದ್ದೇ ಎಂದು ದಂಡ ತೆತ್ತವನಾಗಿಯೂ ಹೇಳುತ್ತೇನೆ.

ಷೇರು ಕೊಡದಿದ್ದರೆ ಹರಾಜು ಇದೆ. ಹಣ ಕೊಡದಿದ್ದರೆ? ನಮ್ಮ ಮೂವರು ಬ್ರೋಕರುಗಳ ಬಳಿಗೇ ಹಿಂದಿರುಗೋಣ. ಮಂಗಳವಾರ ಬೆಳಿಗ್ಗೆ ಬೆಂಗಳೂರಿನವರು 4,550 ರೂಪಾಯಿ ಕಟ್ಟಲಿಲ್ಲ. ಕೋಲ್ಕತ್ತದವರು 10 ಷೇರು ಒಪ್ಪಿಸಿದ್ದಾರೆ, ಅವರಿಗೆ 4,750 ಹೋಗಲೇಬೇಕು. ಕಾರ್ಪೊರೇಷನ್ ತನ್ನ ಕೈಯಿಂದ ಅದನ್ನು ಕೊಟ್ಟು, ಆ 10 ಷೇರನ್ನು ಬೆಂಗಳೂರಿನವರಿಗೆ ಕೊಡದೆ ತಡೆದು, ಪೇಟೆಯಲ್ಲಿ ಮಾರುತ್ತದೆ. ಅಷ್ಟರಲ್ಲಿ ಬೆಲೆ 505ರಿಂದ 430ಕ್ಕೆ ಬಿದ್ದಿದ್ದರೆ ಸಿಗುವುದು 4,300. ಕೊರತೆ 250 ರೂಪಾಯಿ. ಐವತ್ತು ಸಾವಿರದ ವ್ಯವಹಾರದಲ್ಲಿ ನಿಜವಾದ ಅಪಾಯ ಉಳಿದದ್ದು ಇಷ್ಟೇ. ವಜಾ ಹಾಕಿದ್ದರ ಫಲ ಇದು.

ಆ 250ಕ್ಕೂ ಮೊದಲೇ ಏರ್ಪಾಡಾಗಿರುತ್ತದೆ. ಆದೇಶ ಹಾಕುವ ಮುಂಚೆಯೇ ನಮ್ಮಿಂದ ಮಾರ್ಜಿನ್ ಎಂಬ ಠೇವಣಿ ಪಡೆಯುತ್ತಾರೆ, ಷೇರಿನ ಬೆಲೆಯಲ್ಲಿ ನೂರಕ್ಕೆ 20ಕ್ಕೆ ಕಡಿಮೆಯಿಲ್ಲದಂತೆ, ಹೊಯ್ದಾಡುವ ಷೇರಿಗೆ ಇನ್ನೂ ಹೆಚ್ಚು. ಸರಳವಾಗಿ ಹಿಡಿದರೆ ನಮ್ಮ 10 ಷೇರಿಗೆ ಸುಮಾರು ಸಾವಿರ ರೂಪಾಯಿ. ಬೆಲೆ ಒಂದೇ ದಿನದಲ್ಲಿ 505ರಿಂದ 355ಕ್ಕೂ ಕೆಳಗೆ ಕುಸಿದರೆ ಮಾತ್ರ ಆ ಠೇವಣಿ ಸಾಲದೆ ಹೋಗುತ್ತದೆ. ಹಾಗೂ ಆದರೆ ಮೊದಲು ಕೈಕೊಟ್ಟ ಸದಸ್ಯರ ಉಳಿದ ಠೇವಣಿಗಳೆಲ್ಲ ಕರಗುತ್ತವೆ. ಆಮೇಲೆ ಕಾರ್ಪೊರೇಷನ್ನಿನ ಸ್ವಂತ ಹಣದ ಒಂದು ಭಾಗ, ನಂತರ ಎಲ್ಲರೂ ಸೇರಿ ಕಟ್ಟಿರುವ ಸೆಟಲ್‌ಮೆಂಟ್ ಗ್ಯಾರಂಟಿ ನಿಧಿ. ಈ ಅನುಕ್ರಮವನ್ನು ಸೆಬಿ 2014ರಲ್ಲಿ ಗಟ್ಟಿ ಮಾಡಿತು. ತಪ್ಪು ಮಾಡಿದವರ ಹಣ ಮೊದಲು, ಉಳಿದವರದು ಕೊನೆಗೆ.

ಈ ಲೆಕ್ಕದಲ್ಲಿ 'ಒಂದೇ ದಿನದಲ್ಲಿ' ಎಂಬ ಮಾತಿಗೆ ತುಂಬ ತೂಕವಿದೆ. ಬೆಲೆ ಒಂದು ದಿನದಲ್ಲಿ ಮೂರನೇ ಒಂದು ಭಾಗ ಬೀಳುವುದು ಅಪರೂಪ. ಹದಿನಾಲ್ಕು ದಿನದಲ್ಲಿ ಬೀಳುವುದು ಅಪರೂಪವಲ್ಲ. ನಮ್ಮ ಹಳೆಯ ಪೇಟೆಗಳಲ್ಲಿ ಹದಿನಾಲ್ಕು ದಿನದ ವ್ಯವಹಾರವನ್ನು ಒಟ್ಟಿಗೆ ತೀರಿಸುವ ಪದ್ಧತಿ ಇತ್ತು. ಆಗ ಷೇರು ಎಂದರೆ ಕಾಗದ. ಬೆಂಗಳೂರಿನಲ್ಲೇ ಒಂದು ಷೇರುಪೇಟೆ ಇದ್ದ ಕಾಲ ಅದು. ಷೇರುಪತ್ರದ ಜೊತೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ, ಸ್ಟಾಂಪು ಅಂಟಿಸಿ, ಕಂಪನಿಗೆ ಕಳಿಸಬೇಕು. ಹತ್ತು ವರ್ಷದ ಹಿಂದಿನ ಸಹಿಗೂ ಇಂದಿನದಕ್ಕೂ ಒಂದು ಕೊಂಬು ವ್ಯತ್ಯಾಸವಾದರೂ ಪತ್ರ ವಾಪಸು ಬರುತ್ತಿತ್ತು. ಅದಕ್ಕೆ ಬ್ಯಾಡ್ ಡೆಲಿವರಿ ಎನ್ನುತ್ತಿದ್ದರು. ಹಣ ಕೊಟ್ಟವರು ತಿಂಗಳುಗಟ್ಟಲೆ ಕಾಯುತ್ತಿದ್ದರು. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದು, ಅದೇ ವರ್ಷ ಎನ್‌ಎಸ್‌ಡಿಎಲ್ ಆರಂಭವಾಗಿ, ಷೇರು ಕಾಗದದಿಂದ ಕಂಪ್ಯೂಟರಿನ ನಮೂದಾದ ಮೇಲೆ ಈ ಗೋಳು ನಿಂತಿತು.

ಕಾಗದ ಹೋದರೂ ವಾರದ ಲೆಕ್ಕ ಮಾತ್ರ ಹೋಗಿರಲಿಲ್ಲ. ಮುಂಬೈ ಷೇರುಪೇಟೆಯ ವಾರ ಶುಕ್ರವಾರ ಮುಗಿದರೆ ಎನ್‌ಎಸ್‌ಇಯ ವಾರ ಮಂಗಳವಾರ ಮುಗಿಯುತ್ತಿತ್ತು. ಹಣ ಕಟ್ಟುವ ದಿನ ಹತ್ತಿರ ಬಂದಾಗ ಇಲ್ಲಿ ಮಾರಿ ಅಲ್ಲಿ ಕೊಂಡು ಸಾಲವನ್ನು ಮುಂದಕ್ಕೆ ತಳ್ಳುತ್ತಿದ್ದವರು ಬಹಳ. ಇದರ ಮೇಲೆ ಬದ್ಲಾ ಎಂಬ ಪದ್ಧತಿ ಬೇರೆ, ಬಡ್ಡಿ ಕೊಟ್ಟರೆ ಲೆಕ್ಕವನ್ನು ಮುಂದಿನ ಅವಧಿಗೆ ಎಳೆಯಬಹುದಿತ್ತು. 2001ರ ಮಾರ್ಚ್‌ನಲ್ಲಿ ಬೆಲೆಗಳು ಕುಸಿದಾಗ ಕಲ್ಕತ್ತ ಷೇರುಪೇಟೆಯಲ್ಲಿ ಕೆಲವು ಬ್ರೋಕರುಗಳು ಹಣ ಕಟ್ಟಲಾಗದೆ ಕೈಚೆಲ್ಲಿದರು. ಆ ಪೇಟೆ ಮತ್ತೆ ಮೇಲೇಳಲಿಲ್ಲ. ಅದೇ ಜುಲೈನಲ್ಲಿ ಬದ್ಲಾ ನಿಂತು, ಪ್ರತಿ ದಿನದ ವ್ಯವಹಾರವನ್ನು ಅದರದೇ ಗಡುವಿನಲ್ಲಿ ತೀರಿಸುವ T+5 ಬಂತು. 2002ರ ಏಪ್ರಿಲ್‌ಗೆ T+3, ಮರುವರ್ಷದ ಏಪ್ರಿಲ್‌ಗೆ T+2. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಅಲ್ಲೇ ನಿಂತು, 2022ರ ಫೆಬ್ರವರಿಯಲ್ಲಿ ಅತಿ ಸಣ್ಣ 100 ಕಂಪನಿಗಳಿಂದ ಆರಂಭಿಸಿ 2023ರ ಜನವರಿ 27ಕ್ಕೆ ಎಲ್ಲ ಷೇರುಗಳೂ T+1 ಆದವು. ಅಮೆರಿಕ T+1ಕ್ಕೆ ಬಂದದ್ದು ಅದಾದ ಒಂದು ವರ್ಷಕ್ಕೂ ಹೆಚ್ಚು ಸಮಯದ ನಂತರ, 2024ರ ಮೇ 28ರಂದು.

ಹಾಗಾದರೆ ಎಲ್ಲರ ಅಪಾಯವನ್ನೂ ಒಂದೇ ಸಂಸ್ಥೆಯ ಹೆಗಲಿಗೆ ಹಾಕಿ ನಿಶ್ಚಿಂತೆಯಾಗಿರಬಹುದೇ? ಆ ಹೆಗಲು ಗಟ್ಟಿ ಇರುವವರೆಗೆ ಮಾತ್ರ. 1987ರ ಅಕ್ಟೋಬರ್‌ನಲ್ಲಿ ಜಗತ್ತಿನ ಪೇಟೆಗಳು ಕುಸಿದಾಗ ಹಾಂಗ್‌ಕಾಂಗ್ ತನ್ನ ಷೇರುಪೇಟೆಯನ್ನು ನಾಲ್ಕು ದಿನ ಮುಚ್ಚಿತು. ಅಲ್ಲಿನ ಫ್ಯೂಚರ್ಸ್ ವ್ಯವಹಾರಕ್ಕೆ ಜಾಮೀನು ನಿಂತಿದ್ದ ಸಂಸ್ಥೆಯ ಬಂಡವಾಳ ಎದುರಿದ್ದ ನಷ್ಟದ ಮುಂದೆ ತೀರಾ ಅಲ್ಪ. ಬ್ರೋಕರುಗಳು ಗ್ರಾಹಕರಿಂದ ಠೇವಣಿಯನ್ನು ಸರಿಯಾಗಿ ವಸೂಲಿ ಮಾಡಿರಲಿಲ್ಲ. ವ್ಯವಹಾರದ ಬಹುಪಾಲು ಕೆಲವೇ ಕೆಲವರ ಕೈಯಲ್ಲಿತ್ತು. ಸರ್ಕಾರ ಮತ್ತು ಬ್ಯಾಂಕುಗಳು ಸೇರಿ 200 ಕೋಟಿ ಹಾಂಗ್‌ಕಾಂಗ್ ಡಾಲರಿನ ನೆರವು ಹೊಂದಿಸಬೇಕಾಯಿತು. ಅಕ್ಟೋಬರ್ 26ರಂದು ಪೇಟೆ ತೆರೆದಾಗ ಸೂಚ್ಯಂಕ ಒಂದೇ ದಿನ ನೂರಕ್ಕೆ 33ರಷ್ಟು ಬಿತ್ತು. ನೂರಾರು ಬ್ರೋಕರುಗಳಲ್ಲಿ ಹಂಚಿಹೋಗಿದ್ದ ಅಪಾಯವನ್ನು ಒಂದು ಕಡೆ ಸೇರಿಸಿದಾಗ ಆ ಒಂದು ಕಡೆ ಮುರಿದರೆ ಪೇಟೆಯೇ ನಿಲ್ಲುತ್ತದೆ. ಆದ್ದರಿಂದ ಮಾರ್ಜಿನ್ ಜಾಸ್ತಿಯಾಯಿತು ಎಂದು ನಮ್ಮವರು ಗೊಣಗುವಾಗ ನನಗೆ ಹಾಂಗ್‌ಕಾಂಗ್ ನೆನಪಾಗುತ್ತದೆ.

ಇನ್ನೂ ಮುಂದೆ ಹೋಗಿ ಅದೇ ದಿನ ತೀರಿಸುವ T+0 ಕೂಡ ನಮ್ಮಲ್ಲಿ ಬಂದಿದೆ. 2024ರ ಮಾರ್ಚ್ 28ರಂದು 25 ಕಂಪನಿಗಳ ಷೇರುಗಳಿಗೆ ಪ್ರಯೋಗವಾಗಿ ಆರಂಭಿಸಿದರು. ಬೆಳಿಗ್ಗೆ 9.15ರಿಂದ 1.30ರವರೆಗೆ ವ್ಯವಹಾರ, ಸಂಜೆಯೊಳಗೆ ಹಣ ಮತ್ತು ಷೇರು ಎರಡೂ ಕೈಗೆ. ಇದು ಬೇಕಾದವರಿಗೆ ಮಾತ್ರ, ಕಡ್ಡಾಯವಲ್ಲ. ಗಮನಿಸಿ, ಇಲ್ಲೂ ಒಂದೂವರೆಗೆ ವ್ಯವಹಾರ ನಿಲ್ಲಿಸಿ ಲೆಕ್ಕ ವಜಾ ಹಾಕಿಯೇ ತೀರಿಸುತ್ತಾರೆ. ಆ ಕ್ಷಣವೇ ತೀರುವ ಪದ್ಧತಿ ಇದೂ ಅಲ್ಲ. ವಜಾ ಹಾಕುವುದನ್ನು ಬಿಟ್ಟುಕೊಟ್ಟರೆ ಅಪಾಯ ಕಡಿಮೆಯಾಗುತ್ತದೆ, ಆದರೆ ಪೇಟೆ ನಡೆಯಲು ಬೇಕಾದ ಹಣ ಹಲವು ಪಟ್ಟು ಏರುತ್ತದೆ. ನನ್ನಂಥ ಸಾಮಾನ್ಯ ಹೂಡಿಕೆದಾರನಿಗೆ ಒಂದು ದಿನದ ಅಂತರ ಹೊರೆಯಲ್ಲ ಎಂದೇ ನನ್ನ ಅಭಿಪ್ರಾಯ.

ಕ್ಲಿಯರಿಂಗ್ ಕಾರ್ಪೊರೇಷನ್ನಿನ ವ್ಯವಹಾರ ಬ್ರೋಕರ್ ಜೊತೆ, ನಮ್ಮ ಜೊತೆ ಅಲ್ಲ ಎಂದು ಹೇಳಿದ್ದೆ. ಅದರ ಅರ್ಥ ಇಷ್ಟು: ಪೇಟೆಯಿಂದ ಬ್ರೋಕರ್‌ವರೆಗೆ ಷೇರು ಬರುವುದಕ್ಕೆ ಕಾರ್ಪೊರೇಷನ್ ಜಾಮೀನು. ಬ್ರೋಕರ್‌ನಿಂದ ನಮ್ಮ ಮನೆಯವರೆಗಿನ ದಾರಿಗೆ ಆ ಜಾಮೀನು ಇರಲಿಲ್ಲ. ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಕಂಪನಿ ಗ್ರಾಹಕರ ಷೇರುಗಳನ್ನು ಒತ್ತೆ ಇಟ್ಟು ಸಾಲ ಎತ್ತಿದ್ದನ್ನು ಸೆಬಿ 2019ರ ನವೆಂಬರ್‌ನಲ್ಲಿ ಬಯಲಿಗೆಳೆದು ಆದೇಶ ಹೊರಡಿಸಿತು. ಪೇಟೆಯ ಲೆಕ್ಕದಲ್ಲಿ ಆ ಷೇರುಗಳು ಸರಿಯಾಗಿಯೇ ಬಂದಿದ್ದವು. ಬಂದ ಮೇಲೆ ನಡುವೆ ನಿಂತವು. 80 ಸಾವಿರಕ್ಕೂ ಹೆಚ್ಚು ಗ್ರಾಹಕರ ಷೇರುಗಳನ್ನು ಡಿಪಾಸಿಟರಿಯ ಮೂಲಕ ಅವರವರ ಖಾತೆಗೆ ಮರಳಿಸಬೇಕಾಯಿತು.

ಆ ಕಂಡಿಯನ್ನು ಮುಚ್ಚಲು 2025ರ ಫೆಬ್ರವರಿಯಿಂದ ಷೇರುಗಳು ಬ್ರೋಕರಿನ ಖಾತೆಯನ್ನು ಮುಟ್ಟದೆ ಕ್ಲಿಯರಿಂಗ್ ಕಾರ್ಪೊರೇಷನ್ನಿನಿಂದ ನೇರವಾಗಿ ಗ್ರಾಹಕರ ಡಿಮ್ಯಾಟ್ ಖಾತೆಗೆ ಬರುತ್ತಿವೆ. ಆದರೂ ನೋಡಿಕೊಳ್ಳುವ ಕೆಲಸ ನಮಗಿದೆ. ಷೇರು ಕೊಂಡ ಮರುದಿನ ಸಂಜೆ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಲ್ಲಿರುವ ನಿಮ್ಮ ಖಾತೆಯ ದಾಖಲೆಯನ್ನು ನೋಡಿ. ಬ್ರೋಕರಿನ ಆ್ಯಪ್ ತೋರಿಸುವುದು ಬ್ರೋಕರಿನ ಲೆಕ್ಕ, ಈ ದಾಖಲೆ ಹೇಳುವುದು ನಿಮ್ಮ ಖಾತೆಯಲ್ಲಿ ನಿಜವಾಗಿ ಏನಿದೆ ಎಂಬುದನ್ನು. ಅದರಲ್ಲಿ ಷೇರಿನ ಹೆಸರೂ ಸಂಖ್ಯೆಯೂ ಸರಿಯಾಗಿದೆಯೇ ಎಂದು ಓದಿ. ಷೇರು ಬಾರದಿದ್ದರೆ ಅಂದೇ ಕೇಳಿ. ಸಣ್ಣ ಕಂಪನಿಯ ಷೇರಾದರೆ, ಅದು ಆ ದಾಖಲೆಯಲ್ಲಿ ಕಾಣುವವರೆಗೆ ಮಾರಬೇಡಿ.